ಪ್ಯಾರಾಬೋಲಿಕ್ ಎಸ್‌ಎಆರ್: ಡೀಫಾಲ್ಟ್ ಇಡೋದಾ, ಸ್ಲೋ ಮಾಡೋದಾ, ಎಡಿಎಕ್ಸ್ ಸೇರಿಸೋದಾ, ಇಲ್ಲಾ ಸೂಪರ್‌ಟ್ರೆಂಡ್‌ಗೆ ಹೋಗೋದಾ?

ಪ್ಯಾರಾಬೋಲಿಕ್ ಎಸ್‌ಎಆರ್ ಅಂದ್ರೆ ಚಾರ್ಟಲ್ಲಿ ಬೆಲೆ ಹಿಂದೆ ಚುಕ್ಕಿಗಳಾಗಿ ಬರೋ ಸ್ಟಾಪ್, ಬೆಲೆ ಅದನ್ನ ಮುಟ್ಟಿದ್ರೆ ಟ್ರೇಡ್ ಮುಗಿಸಿ ಉಲ್ಟಾ ದಿಕ್ಕಿಗೆ ತಿರುಗ್ಬೇಕು, ಎಸ್‌ಎಆರ್ ಅನ್ನೋದು ಸ್ಟಾಪ್ ಅಂಡ್ ರಿವರ್ಸ್. ಚಾರ್ಟ್ ಮೇಲೆ ಇದನ್ನ ಹಾಕ್ಕೊಂಡವರೆಲ್ಲ ಸ್ವಲ್ಪ ದಿನ ಆದ್ಮೇಲೆ ಇದೇ ಗೊಂದಲಕ್ಕೆ ಬರ್ತಾರೆ. ಟ್ರೆಂಡ್ ಇದ್ದಾಗ ಚುಕ್ಕಿಗಳು ಎಷ್ಟು ಚೆನ್ನಾಗಿ ಬೆಲೆ ಹಿಂದೆ ಬರ್ತವೆ ಅಂದ್ರೆ ಇನ್ನೇನೂ ಬೇಡ ಅನ್ಸುತ್ತೆ, ಆಮೇಲೆ ಮಾರ್ಕೆಟ್ ಎರಡು ವಾರ ಒಂದೇ ಕಡೆ ಓಲಾಡಿದ್ರೆ ಸಾಕು, ಗಳಿಸಿದ್ದೆಲ್ಲ ವಾಪಸ್ ಹೋಗಿರುತ್ತೆ. ಆಗ ಒಬ್ರು ಸೆಟ್ಟಿಂಗ್ ಸ್ಲೋ ಮಾಡಿ ಅಂತಾರೆ, ಇನ್ನೊಬ್ರು ಟ್ರೆಂಡ್ ಎಷ್ಟು ಗಟ್ಟಿ ಅಂತ ಅಳೆಯೋ ಎಡಿಎಕ್ಸ್ ಫಿಲ್ಟರ್ ಹಾಕಿ ಅಂತಾರೆ, ಮತ್ತೊಬ್ರು ಅದನ್ನ ಬಿಟ್ಟು ಸೂಪರ್‌ಟ್ರೆಂಡ್ ಇಟ್ಕೊಳ್ಳಿ ಅಂತಾರೆ. ಮೂರೂ ಸಲಹೆ ಸರಿಯೇ, ಆದ್ರೆ ಎಲ್ಲ ಒಂದೇ ಕಾಯಿಲೆಗೆ ಔಷಧಿ ಅಲ್ಲ. ನಿಮಗಿರೋದು ಯಾವುದು ಅಂತ ಗೊತ್ತಾಗ್ಬೇಕು ಅಂದ್ರೆ ಒಳಗಿನ ಲೆಕ್ಕ ಒಂದ್ಸಲ ಕೈಯಲ್ಲೇ ಹಾಕಿ ನೋಡ್ಬೇಕು.

ಮೊದಲು ಯಾವ ಅಳತೆಗೋಲಲ್ಲಿ ಅಳೀತೀವಿ ಅಂತ ಹೇಳ್ಬಿಡ್ತೀನಿ. ಒಂದು, ಟ್ರೆಂಡ್ ನಡುವೆ ಬೆಲೆ ನಾಲ್ಕೈದು ದಿನ ಸುಮ್ನೆ ನಿಂತ್ರೆ ಆ ಇಂಡಿಕೇಟರ್ ನಿಮ್ಮನ್ನ ಒಳಗೇ ಇಟ್ಕೊಳ್ಳುತ್ತಾ. ಎರಡು, ಟ್ರೆಂಡ್ ನಿಜವಾಗ್ಲೂ ಮುಗಿದಾಗ ಮೇಲಿಂದ ಎಷ್ಟು ಬಿಟ್ಟುಕೊಡ್ಬೇಕು. ಮೂರು, ಸೈಡ್‌ವೇಸಲ್ಲಿ ಒಂದೊಂದು ತಿರುವಿಗೂ ಎಷ್ಟು ಲಾಸ್. ನಾಲ್ಕು, ನಿಮ್ಮ ದುಡ್ಡಿಗೂ ಸಮಯಕ್ಕೂ ಅದು ಹೊಂದುತ್ತಾ, ಅಂದ್ರೆ ನೀವು ಶಾರ್ಟ್ ಮಾಡೋಕಾಗುತ್ತಾ, ಮಧ್ಯಾಹ್ನ ಸ್ಕ್ರೀನ್ ನೋಡೋಕಾಗುತ್ತಾ.

ಎಎಫ್ ಅಂದ್ರೆ ಏನು ಮಾಡುತ್ತೆ

ಇದನ್ನ ಮಾಡಿದ್ದು ಜೆ. ವೆಲ್ಸ್ ವೈಲ್ಡರ್, 1978ರಲ್ಲಿ. ಆರ್‌ಎಸ್‌ಐ, ಎಟಿಆರ್, ಎಡಿಎಕ್ಸ್ ಕೂಡ ಅದೇ ವರ್ಷ ಅದೇ ಪುಸ್ತಕದಲ್ಲಿ ಅವರೇ ಕೊಟ್ಟಿದ್ದು. ಅವರು ಇದಕ್ಕಿಟ್ಟ ಹೆಸರಲ್ಲಿ ಟೈಮ್ ಅನ್ನೋ ಪದಾನೂ ಇದೆ, ಪ್ರೈಸ್ ಅನ್ನೋದೂ ಇದೆ, ಆ ಟೈಮ್ ಅನ್ನೋದೇ ಇಲ್ಲಿ ಮುಖ್ಯ. ಫಾರ್ಮುಲಾ ಇಷ್ಟೇ, ಲಾಂಗ್ ಆದ್ರೂ ಶಾರ್ಟ್ ಆದ್ರೂ ಇದೇ:

```
SAR_next = SAR + AF × (EP − SAR)
```

ಇಪಿ ಅಂದ್ರೆ ಈ ಟ್ರೇಡ್ ಶುರುವಾದಾಗಿಂದ ಬಂದ ತುದಿ, ಲಾಂಗಲ್ಲಿದ್ರೆ ಅತಿ ಹೆಚ್ಚಿನ ಹೈ, ಶಾರ್ಟಲ್ಲಿದ್ರೆ ಅತಿ ಕಡಿಮೆ ಲೋ. ಎಎಫ್ ಅಂದ್ರೆ ಆಕ್ಸಿಲರೇಷನ್ ಫ್ಯಾಕ್ಟರ್. ಅದು 0.02ರಿಂದ ಶುರು, ಪ್ರತಿ ಹೊಸ ತುದಿಗೆ 0.02 ಜಾಸ್ತಿ ಆಗುತ್ತೆ, 0.20ಕ್ಕೆ ನಿಲ್ಲುತ್ತೆ. ಬೆಲೆ ಚುಕ್ಕಿ ಮುಟ್ಟಿದ ತಕ್ಷಣ ಟ್ರೇಡ್ ತಿರುಗುತ್ತೆ, ಹಳೇ ಟ್ರೇಡಿನ ಇಪಿಯೇ ಹೊಸ ಟ್ರೇಡಿನ ಮೊದಲ ಚುಕ್ಕಿ, ಎಎಫ್ ಮತ್ತೆ 0.02. ಇನ್ನೊಂದು ಕಟ್ಟುಪಾಡಿದೆ, ಲಾಂಗಲ್ಲಿದ್ದಾಗ ನಾಳಿನ ಚುಕ್ಕಿ ಇವತ್ತಿನ ಮತ್ತು ನಿನ್ನೆಯ ಲೋಗಿಂತ ಮೇಲೆ ಹೋಗೋ ಹಾಗಿಲ್ಲ.

ಈ ಎಎಫನ್ನ ಹೀಗೆ ಯೋಚಿಸಿ: ಚುಕ್ಕಿಗೂ ತುದಿಗೂ ನಡುವಿನ ದೂರದಲ್ಲಿ ದಿನಾ ಎಷ್ಟು ಪಾಲು ತಿಂದು ಹಾಕುತ್ತೆ ಅನ್ನೋದೇ ಎಎಫ್. 0.02 ಅಂದ್ರೆ ದಿನಕ್ಕೆ ನೂರರಲ್ಲಿ ಎರಡು ಪಾಲು, ಆ ಲೆಕ್ಕದಲ್ಲಿ ದೂರ ಅರ್ಧ ಆಗೋಕೆ ಸುಮಾರು 34 ದಿನ ಬೇಕು. 0.20 ಅಂದ್ರೆ ದಿನಕ್ಕೆ ಐದರಲ್ಲಿ ಒಂದು ಪಾಲು, ಮೂರೇ ದಿನಕ್ಕೆ ಅರ್ಧ. ಬೆಲೆ ಅಲ್ಲಾಡದೆ ಇದ್ರೂ ಇದು ನಡೀತಾನೇ ಇರುತ್ತೆ, ಯಾಕಂದ್ರೆ ಎಎಫ್ ಒಂದ್ಸಲ ಏರಿದ್ರೆ ಆ ಟ್ರೇಡ್ ಮುಗಿಯೋವರೆಗೂ ಇಳಿಯಲ್ಲ. ಇನ್ನೊಂದು ವಿಷಯ ಜನ ಗಮನಿಸಲ್ಲ, ಎಎಫ್‌ಗೆ ಹೊಸ ಹೈ ಎಷ್ಟು ದೊಡ್ಡದು ಅನ್ನೋದು ಲೆಕ್ಕಕ್ಕೇ ಇಲ್ಲ. ಹತ್ತು ರೂಪಾಯಿ ಮೇಲೆ ಹೋದ್ರೂ ಒಂದು ಮೆಟ್ಟಿಲು, ಐದು ಪೈಸೆ ಹೋದ್ರೂ ಅದೇ ಒಂದು ಮೆಟ್ಟಿಲು. ಹಾಗಾಗಿ ನಿಧಾನಕ್ಕೆ ತೆವಳ್ಕೊಂಡು ಏರೋ ಷೇರಲ್ಲಿ, ಬೆಲೆ ಅಷ್ಟೇನೂ ಏರಿರಲ್ಲ ಆದ್ರೆ ಎಎಫ್ ಮಾತ್ರ ಹತ್ತನೇ ಹೊಸ ಹೈಗೆ 0.20 ತಲುಪಿಬಿಟ್ಟಿರುತ್ತೆ.

ಒಂದು ಟ್ರೆಂಡ್, ಲೆಕ್ಕ ಹಾಕಿ

ಒಂದು ಷೇರು 480ರ ಲೋದಿಂದ ಏರಿ 499ಕ್ಕೆ ಚುಕ್ಕಿ ಮುಟ್ಟಿ ನಾವು ಲಾಂಗ್ ಆದ್ವಿ ಅಂದ್ಕೊಳ್ಳಿ, ಆ ದಿನದ ಹೈ 500. ಮೊದಲ ಚುಕ್ಕಿ 480. ಮಾರನೇ ದಿನದ ಚುಕ್ಕಿ 480.40, ಅಂದ್ರೆ 40 ಪೈಸೆ ಮಾತ್ರ ಏರಿದೆ. ಆಮೇಲೆ ದಿನಾ ಆರಾರು ರೂಪಾಯಿ ಹೊಸ ಹೈ ಬರ್ತಾ ಹೋಯ್ತು, 506, 512, 518 ಹೀಗೆ. 518ರ ಹೈ ಬಂದ್ಮೇಲೂ ಮಾರನೇ ದಿನದ ಚುಕ್ಕಿ 486ರಲ್ಲೇ ಇರುತ್ತೆ. 536 ಬಂದ್ಮೇಲೆ 500.44, ಅಂದ್ರೆ ನಾವು ಕೊಂಡ ಬೆಲೆನ ಚುಕ್ಕಿ ದಾಟೋದು ಏಳನೇ ಹೈ ಆದ್ಮೇಲೇನೇ. ಅಲ್ಲೀವರೆಗೂ ಬೆಲೆ ಎಷ್ಟೇ ಮೇಲಿದ್ರೂ ನಿಮ್ಮ ಸ್ಟಾಪ್ ಲಾಸಲ್ಲೇ ಇದೆ. ಹತ್ತನೇ ಹೈ 554, ಆಗ ಎಎಫ್ 0.20, ಮಾರನೇ ದಿನದ ಚುಕ್ಕಿ 522.36.

ಈಗ ಬೆಲೆ ಸುಸ್ತಾಗಿ 543ರಿಂದ 552ರೊಳಗೆ ನಿಂತ್ಕೊಳ್ತು ಅಂದ್ಕೊಳ್ಳಿ, ಹೊಸ ಹೈ ಇಲ್ಲ. ಚುಕ್ಕಿ ಮಾತ್ರ ನಿಲ್ಲಲ್ಲ, 528.69, 533.75, 537.80, ಐದನೇ ದಿನ 541.04. ಅವತ್ತು ಬೆಲೆ ಒಂದ್ಸಲ 540 ಮುಟ್ಟಿ ಬಂತು. ಹೊರಗೆ. 499ಕ್ಕೆ ಕೊಂಡಿದ್ದು 541ಕ್ಕೆ ಹೋಯ್ತು, 42 ರೂಪಾಯಿ ಲಾಭ, ಚೆನ್ನಾಗೇ ಇದೆ. ತೊಂದರೆ ಶುರುವಾಗೋದು ರಿವರ್ಸ್ ಅನ್ನೋದರಿಂದ, ಯಾಕಂದ್ರೆ ಈಗ ಸಿಸ್ಟಮ್ ಪ್ರಕಾರ ನಾವು 541ಕ್ಕೆ ಶಾರ್ಟ್, ಸ್ಟಾಪ್ ಹಾರಿ 554ಕ್ಕೆ ಹೋಗಿದೆ. ಮಾರನೇ ದಿನ ಚುಕ್ಕಿ 553.72, ಬೆಲೆ ಏರಿ 556 ಆಯ್ತು. 12.68 ಲಾಸು, ಜೊತೆಗೆ ಅದೇ ಷೇರನ್ನ ಮಾರಿದ್ದಕ್ಕಿಂತ ಅಷ್ಟೇ ಜಾಸ್ತಿ ಕೊಟ್ಟು ವಾಪಸ್ ಕೊಂಡ್ವಿ. ಎಎಫ್ ತುಂಬ ಜಾಸ್ತಿ ಆಗಿದ್ದಕ್ಕೆ ಬಂದ ವಿಪ್‌ಸಾ, ಅಂದ್ರೆ ಸುಳ್ಳು ತಿರುವಿನ ಏಟು ಇದು. ಇದನ್ನ ಮೊದಲನೇ ಥರ ಅಂತ ಇಟ್ಕೊಳ್ಳೋಣ.

ಸೈಡ್‌ವೇಸಲ್ಲಿ ಆಗೋದು ಬೇರೆ

ಎರಡನೇ ಥರ ಇದಕ್ಕೆ ಪೂರ್ತಿ ಉಲ್ಟಾ, ಅಲ್ಲಿ ಎಎಫ್ ತುಂಬ ಕಮ್ಮಿ ಇರೋದ್ರಿಂದ್ಲೇ ಏಟು ಬೀಳೋದು. ಅದೇ ಷೇರು ಈಗ 490ರಿಂದ 510ರೊಳಗೆ ಓಲಾಡ್ತಿದೆ ಅಂದ್ಕೊಳ್ಳಿ. ಹಳೇ ಶಾರ್ಟಿನ ಚುಕ್ಕಿ 506.68ಕ್ಕೆ ಮುಟ್ಟಿ ಲಾಂಗ್ ಆದ್ವಿ, ಹೈ 508. ಚುಕ್ಕಿ ಎಲ್ಲಿ ಕೂತಿದೆ? ಹಳೇ ತುದಿ 490ರಲ್ಲಿ. ಮಾರನೇ ದಿನ ಚುಕ್ಕಿ 490.36, ಹೈ 510, ಎಎಫ್ 0.04. ಅಷ್ಟೇ, ಅದು ರೇಂಜಿನ ತಲೆ, ಇನ್ನು ಹೊಸ ಹೈ ಬರಲ್ಲ, ಎಎಫ್ ಏರಲ್ಲ. ಬೆಲೆ ಇಳೀತಾ ಬರುತ್ತೆ, ಚುಕ್ಕಿ 491.15, 491.90, 492.62, 493.32 ಅಂತ ಇರುವೆ ಹಾಗೆ ಏರುತ್ತೆ, ಐದನೇ ದಿನ ಲೋ 491, ಮುಟ್ತು. 506.68ಕ್ಕೆ ಕೊಂಡಿದ್ದು 493.32ಕ್ಕೆ ಮಾರಿದ್ವಿ, ಶಾರ್ಟ್ ಆದ್ವಿ. ಈಗ ಚುಕ್ಕಿ 510ಕ್ಕೆ ಹಾರಿದೆ. ಮಾರನೇ ದಿನ ಲೋ 490, ರೇಂಜಿನ ತಳ, ಅಲ್ಲಿಂದ ಬೆಲೆ ಎದ್ದು ಬರುತ್ತೆ, ಚುಕ್ಕಿ ನಿಧಾನಕ್ಕೆ ಇಳಿದು 506.68ಕ್ಕೆ ಮತ್ತೆ ಭೇಟಿ.

ಹತ್ತು ದಿನ, ಎರಡು ಟ್ರೇಡ್, ಎರಡರಲ್ಲೂ 13.36 ಲಾಸ್. ಬೆಲೆ ಶುರು ಮಾಡಿದ ಜಾಗಕ್ಕೇ ಬಂದು ನಿಂತಿದೆ, ನಮ್ಮ ಕೈಯಿಂದ 26.72 ಹೋಗಿದೆ. 500 ಷೇರಿನ ಲಾಟ್ ಅಂದ್ರೆ 13,360 ರೂಪಾಯಿ, ಬ್ರೋಕರೇಜು ಎಸ್‌ಟಿಟಿ ಎಲ್ಲ ಬಿಟ್ಟು.

ಇಲ್ಲಿ ನೋಡ್ಬೇಕಾಗಿರೋದು ಏನಂದ್ರೆ, ರೇಂಜೇ 20 ರೂಪಾಯಿ ಅಗಲ, ಪ್ರತಿ ಟ್ರೇಡಲ್ಲೂ ಅದರ ಮೂರನೇ ಎರಡು ಭಾಗ ಕಳ್ಕೊಂಡಿದೀವಿ. ಇದು ದುರಾದೃಷ್ಟ ಅಲ್ಲ, ರಚನೆಯೇ ಹಾಗಿದೆ. ತಿರುಗಿದ ತಕ್ಷಣ ಸ್ಟಾಪ್ ಹೋಗಿ ರೇಂಜಿನ ಆ ತುದೀಲಿ ಕೂರುತ್ತೆ, ಎಎಫ್ 0.04 ದಾಟೋಕೆ ಬೇಕಾದ ಹೊಸ ತುದಿಗಳು ರೇಂಜಲ್ಲಿ ಸಿಗೋದೇ ಇಲ್ಲ, ಹಾಗಾಗಿ ನಾವು ಕೊಳ್ಳೋದು ಯಾವಾಗ್ಲೂ ರೇಂಜಿನ ತಲೆ ಹತ್ರ, ಮಾರೋದು ತಳದ ಹತ್ರ. ರೇಂಜಲ್ಲಿ ದುಡ್ಡು ಮಾಡೋನು ಮಾಡೋದರ ಸರಿ ಉಲ್ಟಾ.

ಇದರಿಂದ ಒಂದು ಒಳ್ಳೇ ಗುರುತೂ ಸಿಗುತ್ತೆ. ಟ್ರೇಡ್ ತಿರುಗಿದಾಗ ಎಎಫ್ ಎಷ್ಟಿತ್ತು ಅಂತ ಬರೆದಿಟ್ಕೊಳ್ಳಿ, ಅಂದ್ರೆ ಆ ಟ್ರೇಡಲ್ಲಿ ಎಷ್ಟು ಹೊಸ ತುದಿ ಬಂತು ಅಂತ ಎಣಿಸಿದ್ರೆ ಸಾಕು. ಸಾಲಾಗಿ ಎರಡು ಮೂರು ಟ್ರೇಡ್ 0.06 ದಾಟದೇ ತಿರುಗಿದ್ರೆ ನೀವು ಸೈಡ್‌ವೇಸಲ್ಲಿದೀರಿ, ಅಂದ್ರೆ ಎರಡನೇ ಥರದ ಕಾಯಿಲೆ. 0.16, 0.20ಕ್ಕೆ ಬಂದು ತಿರುಗಿ, ಆಮೇಲೆ ಬೆಲೆ ಹಳೇ ದಿಕ್ಕಿಗೇ ಹೋದ್ರೆ ಅದು ಮೊದಲನೇ ಥರ.

ಆಯ್ಕೆ ಒಂದು: ಡೀಫಾಲ್ಟ್, 0.02 ಮತ್ತು 0.20

ನೇರವಾಗಿ ಓಡೋ ಟ್ರೆಂಡಲ್ಲಿ ಇದು ಬಿಟ್ಟುಕೊಡೋದು ಕಡಿಮೆ, ನಮ್ಮ ಉದಾಹರಣೇಲಿ 554ರಿಂದ 13 ರೂಪಾಯಿ ಮಾತ್ರ. ನಾನು ತುಂಬ ಇಷ್ಟಪಡೋ ಇನ್ನೊಂದು ಗುಣ ಅಂದ್ರೆ ನಾಳಿನ ಚುಕ್ಕಿ ಇವತ್ತು ಮಾರ್ಕೆಟ್ ಮುಚ್ಚಿದಾಗ್ಲೇ ಗೊತ್ತಾಗುತ್ತೆ. ಬೆಳಿಗ್ಗೆ 9.15ಕ್ಕೆ ಮುಂಚೆ ಸ್ಟಾಪ್‌ಲಾಸ್ ಆರ್ಡರ್ ಹಾಕಿ ಕೆಲಸಕ್ಕೆ ಹೋಗ್ಬಹುದು, ಮಧ್ಯೆ ಬದಲಾಗಲ್ಲ. ಗ್ಯಾಪಲ್ಲಿ ಓಪನ್ ಆದ್ರೆ ಮಾತ್ರ ಚುಕ್ಕಿ ಬೆಲೆ ಸಿಗಲ್ಲ, ಓಪನ್ ಆದ ಬೆಲೇಲೇ ಹೋಗ್ಬೇಕು. ಕೆಟ್ಟದ್ದು ಏನಂದ್ರೆ ಎರಡೂ ಥರದ ವಿಪ್‌ಸಾ ಇದಕ್ಕೆ ಬಡಿಯುತ್ತೆ. ಯಾವಾಗ್ಲೂ ಮಾರ್ಕೆಟ್ ಒಳಗೇ ಇರ್ಬೇಕು ಅನ್ನೋ ಮೂಲ ರೂಪದಲ್ಲೇ ಮಾಡೋದಾದ್ರೆ ಪ್ರತಿ ತಿರುವಿಗೂ ಡಬಲ್ ಕ್ವಾಂಟಿಟಿ ಆರ್ಡರ್ ಬೇಕು, ಅಂದ್ರೆ ಫ್ಯೂಚರ್ಸೇ ಬೇಕು, ಮಾರ್ಜಿನ್ ಬೇಕು, ಸೈಡ್‌ವೇಸಲ್ಲಿ ಸಾಲಾಗಿ ಐದಾರು ಲಾಸ್ ತಡ್ಕೊಳ್ಳೋ ಬಂಡವಾಳ ಬೇಕು. ಅದಿಲ್ಲದೇ ಇದಕ್ಕೆ ಕೈ ಹಾಕೋದು ಬೇಡ ಅನ್ನೋದೇ ನನ್ನ ಅಭಿಪ್ರಾಯ.

ಆಯ್ಕೆ ಎರಡು: ಸ್ಲೋ, 0.01 ಮತ್ತು 0.10

ಟ್ರೇಡಿಂಗ್‌ವ್ಯೂನಲ್ಲಿ `Start`, `Increment`, `Max value` ಅಂತ ಮೂರು ಬಾಕ್ಸ್ ಇರ್ತವೆ, ಮೂರನ್ನೂ ಅರ್ಧ ಮಾಡಿ ನೋಡಿ. ಅದೇ ಟ್ರೆಂಡಲ್ಲಿ 554ರ ಹೈ ಆದ್ಮೇಲೆ ಚುಕ್ಕಿ 505.42, ಬೆಲೆ ನಿಂತ ಐದನೇ ದಿನಕ್ಕೆ 522.13. ಡೀಫಾಲ್ಟಲ್ಲಿ ನಮ್ಮನ್ನ ಹೊರಗೆ ಹಾಕಿದ ಆ 540ರ ಇಳಿತ ಇದಕ್ಕೆ ತಾಗೋದೇ ಇಲ್ಲ, ಸುಮ್ನೆ ಒಳಗಿರ್ತೀರಿ. ಮೊದಲನೇ ಥರದ ವಿಪ್‌ಸಾಗೆ ಇದು ನಿಜವಾದ ಮದ್ದು. ಇದಕ್ಕೆ ತೆರೋ ಬೆಲೆ ಏನಂದ್ರೆ, ಟ್ರೆಂಡ್ ಅಲ್ಲೇ ಮುಗಿದು ಬಿದ್ದಿದ್ರೆ 541ರ ಬದಲು 522ಕ್ಕೆ ಹೊರಗೆ ಬರ್ತಿದ್ರಿ, 19 ರೂಪಾಯಿ ಜಾಸ್ತಿ ಬಿಟ್ಟುಕೊಟ್ಟ ಹಾಗೆ.

ಆದ್ರೆ ಸೈಡ್‌ವೇಸಿಗೆ ಸ್ಲೋ ಮಾಡಿ ಅನ್ನೋ ಸಲಹೆ ಇದೆಯಲ್ಲ, ಅದನ್ನ ಅದೇ 490-510ರ ರೇಂಜಲ್ಲಿ ಹಾಕಿ ನೋಡಿ. ಚುಕ್ಕಿ ಐದು ದಿನಕ್ಕೆ 490ರಿಂದ ಬರೀ 491.72ಕ್ಕೆ ಬಂದಿರುತ್ತೆ, ಲೋ 491 ಆದ ದಿನ ಅದೂ ಮುಟ್ಟುತ್ತೆ. ಶಾರ್ಟ್ ಆಗಿ ವಾಪಸ್ ತಿರುಗೋದು 508ರ ಹತ್ರ. ಅಂದ್ರೆ ಆ ಟ್ರೇಡಲ್ಲಿ ಲಾಸ್ ಸುಮಾರು 16 ರೂಪಾಯಿ, ಡೀಫಾಲ್ಟಿಗಿಂತ ಜಾಸ್ತಿ! ಬೆಲೆ ರೇಂಜಿನ ತಳ ಮುಟ್ಟದೇ 492ರಿಂದಲೇ ವಾಪಸ್ ಹೋದ್ರೆ ಆ ಒಂದು ತಿರುವು ತಪ್ಪುತ್ತೆ, ಅದು ನಿಜ. ಹಾಗಾಗಿ ಸ್ಲೋ ಮಾಡಿದ್ರೆ ತಿರುವುಗಳು ಕಮ್ಮಿ ಆಗ್ಬಹುದು, ಆದ್ರೆ ಬಂದ ಪ್ರತಿ ತಿರುವೂ ದುಬಾರಿ. ಸೈಡ್‌ವೇಸಿಗೆ ಅಂತಲೇ ಸ್ಲೋ ಮಾಡೋದಾದ್ರೆ ದಯವಿಟ್ಟು ಮಾಡ್ಬೇಡಿ.

ಆಯ್ಕೆ ಮೂರು: ಎಡಿಎಕ್ಸ್ ಜೊತೆ

ಟ್ರೆಂಡ್ ಇದೆಯಾ ಇಲ್ವಾ ಅನ್ನೋದನ್ನ ಪ್ಯಾರಾಬೋಲಿಕ್ ಕೇಳೋದೇ ಇಲ್ಲ, ಇದೆ ಅಂದ್ಕೊಂಡೇ ಲೆಕ್ಕ ಹಾಕುತ್ತೆ. ಆ ಪ್ರಶ್ನೆಗೆ ವೈಲ್ಡರ್ ಬೇರೆ ಅಳತೆ ಕೊಟ್ರು, ಅದೇ ಎಡಿಎಕ್ಸ್. ಸಾಮಾನ್ಯವಾಗಿ 14 ದಿನದ್ದು ಇಟ್ಟು, 25ರ ಮೇಲಿದ್ರೆ ಮಾತ್ರ ಪ್ಯಾರಾಬೋಲಿಕ್ ಸಿಗ್ನಲ್ ತಗೊಳ್ಳೋದು, 20ರ ಕೆಳಗಿದ್ರೆ ಸುಮ್ನಿರೋದು, ಹೀಗೆ ಬಳಸ್ತಾರೆ. ಎರಡನೇ ಥರದ ವಿಪ್‌ಸಾಗೆ ಇದೇ ಸರಿಯಾದ ಔಷಧಿ, ಯಾಕಂದ್ರೆ ಇದು ಎಎಫನ್ನ ಮುಟ್ಟಲ್ಲ, ಟ್ರೇಡನ್ನೇ ತಡೆಯುತ್ತೆ.

ಇದರ ಖರ್ಚು ಎರಡು ಕಡೆ ಬರುತ್ತೆ. ಎಡಿಎಕ್ಸ್ ಅಂದ್ರೆ ಸರಾಸರಿಯ ಮೇಲೆ ಇನ್ನೊಂದು ಸರಾಸರಿ, ಹಾಗಾಗಿ ಏಳೋದು ತಡ. 499ಕ್ಕೆ ಸಿಗಬೇಕಾಗಿದ್ದ ಟ್ರೇಡಿಗೆ ಅದು ಒಪ್ಪಿಗೆ ಕೊಡೋ ಹೊತ್ತಿಗೆ ಬೆಲೆ ಎಷ್ಟೋ ಮುಂದೆ ಹೋಗಿರ್ಬಹುದು. ಇಳಿಯೋದೂ ಅಷ್ಟೇ ತಡ, ಇದನ್ನ ಯಾರೂ ಹೇಳಲ್ಲ. ದೊಡ್ಡ ಟ್ರೆಂಡ್ ಮುಗಿದು ರೇಂಜ್ ಶುರುವಾದ ಮೊದಲ ದಿನಗಳಲ್ಲಿ ಎಡಿಎಕ್ಸ್ ಇನ್ನೂ ಮೇಲೇ ಇರುತ್ತೆ, ಹಾಗಾಗಿ ಮೊದಲ ಒಂದೆರಡು ವಿಪ್‌ಸಾ ಫಿಲ್ಟರ್ ದಾಟ್ಕೊಂಡು ಬಂದೇ ಬರುತ್ತೆ. 25ರ ಮೇಲಿದೆಯಾ ಅನ್ನೋದರ ಜೊತೆ ಅದು ಏರ್ತಿದೆಯಾ ಅಂತಾನೂ ನೋಡಿದ್ರೆ ಸ್ವಲ್ಪ ಉಳಿಯುತ್ತೆ, ಪೂರ್ತಿ ಅಲ್ಲ. ಇನ್ನು, ಒಳಗೆ ಬರೋಕೆ ಮಾತ್ರ ಎಡಿಎಕ್ಸ್ ಕೇಳಿ, ಹೊರಗೆ ಹೋಗೋಕೆ ಕೇಳ್ಬೇಡಿ. ಚುಕ್ಕಿ ಮುಟ್ಟಿದ್ಮೇಲೆ ಎಡಿಎಕ್ಸ್ ಏನಂದ್ರೂ ಹೊರಗೆ ಬರ್ಲೇಬೇಕು.

ಆಯ್ಕೆ ನಾಲ್ಕು: ಸೂಪರ್‌ಟ್ರೆಂಡ್

ನಮ್ಮಲ್ಲಿ ಎಲ್ಲರ ಚಾರ್ಟಲ್ಲೂ ಇರೋದೇ ಇದು, 10 ಮತ್ತು 3, ಅಂದ್ರೆ 10 ದಿನದ ಸರಾಸರಿ ಓಡಾಟ, ಅದೇ ಎಟಿಆರ್, ಅದರ ಮೂರರಷ್ಟು ದೂರ. ವ್ಯತ್ಯಾಸ ಒಂದೇ ಮಾತಲ್ಲಿ ಹೇಳೋದಾದ್ರೆ ಇದಕ್ಕೆ ಟೈಮ್ ಲೆಕ್ಕ ಇಲ್ಲ, ಎಟಿಆರ್ ಲೆಕ್ಕ ಮಾತ್ರ. ದಿನದ ಓಡಾಟ ಸರಾಸರಿ 7 ರೂಪಾಯಿ ಅಂದ್ಕೊಳ್ಳಿ, ಗೆರೆ ಕ್ಯಾಂಡಲಿನ ನಡುಬಿಂದುವಿಂದ 21 ರೂಪಾಯಿ ದೂರ. 490-510ರ ರೇಂಜಲ್ಲಿ ತಲೆ ಹತ್ರದ ಕ್ಯಾಂಡಲಿನ ನಡು 507 ಇದ್ರೆ ಗೆರೆ 486ರಲ್ಲಿ ಕೂರುತ್ತೆ, ರೇಂಜಿನ ತಳಕ್ಕಿಂತ ಕೆಳಗೆ, ಹಾಗಾಗಿ ಈ ಓಲಾಟಕ್ಕೆ ಅದು ತಿರುಗೋದೇ ಇಲ್ಲ. ಟ್ರೆಂಡಲ್ಲೂ 551ರ ನಡುವಿಗೆ ಗೆರೆ 530, ಬೆಲೆ ಐದು ದಿನ ಅಲ್ಲ ಹದಿನೈದು ದಿನ ನಿಂತ್ರೂ ಅದು ಸುಮ್ಮಸುಮ್ಮನೆ ಹತ್ರ ಬರಲ್ಲ, 540ರ ಇಳಿತಕ್ಕೆ ಹೊರಗೆ ಹಾಕಲ್ಲ.

ಹಂಗಾದ್ರೆ ಇದೇ ಒಳ್ಳೇದಲ್ವಾ ಅಂದ್ರೆ, ರೇಂಜ್ ಅಗಲ ಇದ್ದಾಗ ಈ ಅನುಕೂಲ ಹೋಗುತ್ತೆ. 480-530ರೊಳಗೆ ಓಲಾಡೋ ಷೇರಲ್ಲಿ ಸೂಪರ್‌ಟ್ರೆಂಡೂ ತಿರುಗಿ ತಿರುಗಿ ಬೀಳುತ್ತೆ, ರೇಂಜು ಎಟಿಆರ್‌ನ ಮೂರರಷ್ಟಕ್ಕಿಂತ ಎಷ್ಟು ಅಗಲ ಅನ್ನೋದೇ ಅಲ್ಲಿ ಪ್ರಶ್ನೆ. ಮತ್ತೆ ಇವತ್ತಿನ ಗೆರೆ ಇವತ್ತಿನ ಕ್ಯಾಂಡಲ್ ಮುಗಿಯೋವರೆಗೂ ಅಲ್ಲಾಡ್ತಿರುತ್ತೆ, ತಿರುವು ಕ್ಲೋಸಲ್ಲೇ ಖಚಿತ ಆಗೋದು, ಹಾಗಾಗಿ 3.20ರ ಹೊತ್ತಿಗೆ ಸ್ಕ್ರೀನ್ ಮುಂದೆ ಇರ್ಬೇಕು ಇಲ್ಲಾಂದ್ರೆ ಮಾರನೇ ದಿನದ ಓಪನ್ನಲ್ಲಿ ತಗೊಳ್ಬೇಕು. ಓಡಿ ಓಡಿ ಕೊನೇಲಿ ರಾಕೆಟ್ ಥರ ಏರೋ ಷೇರಲ್ಲಂತೂ ಎಟಿಆರ್ ಉಬ್ಬಿ ಗೆರೆ ಇನ್ನೂ ದೂರ ಆಗುತ್ತೆ, ಅಂಥ ಕಡೆ ಪ್ಯಾರಾಬೋಲಿಕ್ ಕೈಗೆ ಜಾಸ್ತಿ ಉಳಿಸುತ್ತೆ.

ಯಾರಿಗೆ ಯಾವುದು

ಡೆಲಿವರಿಯಲ್ಲಿ ಷೇರು ತಗೊಳ್ಳೋರು, ಅಂದ್ರೆ ಬಹುಪಾಲು ಜನ, ರಿವರ್ಸ್ ಅನ್ನೋದನ್ನ ಮರೆತುಬಿಡಿ. ಕ್ಯಾಶಲ್ಲಿ ಶಾರ್ಟ್ ಮಾಡಿ ರಾತ್ರಿ ಇಟ್ಕೊಳ್ಳೋಕೆ ನಮಗೆ ಆಗಲ್ಲ, ಹಾಗಾಗಿ ಈ ಸಿಸ್ಟಮಿನ ಅರ್ಧ ಭಾಗ ನಿಮಗೆ ಅನ್ವಯಿಸೋದೇ ಇಲ್ಲ, ಅದರಿಂದ ನಷ್ಟವೂ ಇಲ್ಲ, ನಮ್ಮ ಉದಾಹರಣೇಲಿ 12.68 ಲಾಸ್ ಬಂದಿದ್ದೇ ಆ ಶಾರ್ಟಿಂದ. ಒಳಗೆ ಬರೋದು ಬೇರೆ ಯಾವುದಾದ್ರೂ ಕಾರಣಕ್ಕೆ ಬನ್ನಿ, ಬ್ರೇಕೌಟೋ ಎಡಿಎಕ್ಸೋ, ಹೊರಗೆ ಹೋಗೋಕೆ ಮಾತ್ರ ಚುಕ್ಕಿ ಇಟ್ಕೊಳ್ಳಿ. ತಿಂಗಳುಗಟ್ಲೆ ಇಟ್ಕೊಳ್ಳೋರಿಗೆ ಸ್ಲೋ, ಎರಡು ಮೂರು ವಾರದ ಓಟ ಹಿಡಿಯೋರಿಗೆ ಡೀಫಾಲ್ಟ್. ಹಗಲೆಲ್ಲ ಬೇರೆ ಕೆಲಸ ಇರೋರಿಗೆ ಬೆಳಿಗ್ಗೆ ಆರ್ಡರ್ ಹಾಕೋ ಈ ಅನುಕೂಲ ದೊಡ್ಡದು.

ಫ್ಯೂಚರ್ಸಲ್ಲಿ ಎರಡೂ ಕಡೆ ಮಾಡೋರು ಎಡಿಎಕ್ಸ್ ಇಲ್ಲದೆ ಮಾಡ್ಬೇಡಿ. ನಿಧಾನಕ್ಕೆ ತೆವಳೋ ಷೇರಲ್ಲಿ, ಅಂದ್ರೆ ದಿನಾ ಚೂರು ಚೂರು ಹೊಸ ಹೈ ಮಾಡೋ ಕಡೆ, ಸೂಪರ್‌ಟ್ರೆಂಡ್ ವಾಸಿ, ಯಾಕಂದ್ರೆ ಅಲ್ಲಿ ಎಎಫ್ ಸುಮ್ನೆ ಏರಿ ಕೂತಿರುತ್ತೆ. 5 ನಿಮಿಷದ ಚಾರ್ಟಲ್ಲಿ ಇಂಟ್ರಾಡೇ ಮಾಡೋರಿಗೆ ಲೆಕ್ಕ ಇದೇ, ಆದ್ರೆ ಒಂದೊಂದು ರೇಂಜೂ ಎಷ್ಟು ಸಣ್ಣದಿರುತ್ತೆ ಅಂದ್ರೆ ಅದರ ಮೂರನೇ ಎರಡು ಭಾಗದ ಲಾಸಿಗೆ ಬ್ರೋಕರೇಜು ತೆರಿಗೆ ಸೇರಿದ್ರೆ ತಡೆಯೋದು ಕಷ್ಟ, ಡೇ ಚಾರ್ಟಲ್ಲಿ ಟ್ರೆಂಡ್ ಇರೋ ದಿಕ್ಕಿನ ಸಿಗ್ನಲ್ ಮಾತ್ರ ತಗೊಳ್ಳಿ.

ಯಾವುದು ಅಂತ ಇನ್ನೂ ತೀರ್ಮಾನ ಆಗ್ಲಿಲ್ಲ ಅಂದ್ರೆ ನಿಮ್ಮ ಷೇರಿನ ಒಂದು ವರ್ಷದ ಡೇ ಚಾರ್ಟ್ ತೆಗೀರಿ, ಹಿಂದೆ ಇನ್ನಷ್ಟು ತಿಂಗಳು ಲೋಡ್ ಆಗಿರ್ಲಿ, ಯಾಕಂದ್ರೆ ಚಾರ್ಟಿನ ಮೊದಲ ಕೆಲವು ಚುಕ್ಕಿಗಳು ಶುರುವಾದ ಜಾಗದ ಮೇಲೆ ಬದಲಾಗ್ತವೆ. ಡೀಫಾಲ್ಟ್ ಹಾಕಿ, ಲಾಸಲ್ಲಿ ತಿರುಗಿದ ಪ್ರತಿ ಟ್ರೇಡಿನ ಮುಂದೆ ಎರಡೇ ವಿಷಯ ಬರೀರಿ, ಎಷ್ಟು ಹೊಸ ತುದಿ ಬಂದಿತ್ತು, ಎಷ್ಟು ರೂಪಾಯಿ ಹೋಯ್ತು. ಅದರಲ್ಲಿ ಮೂರು ತುದಿಯೊಳಗೆ ಮುಗಿದ ಲಾಸುಗಳನ್ನ ಕೂಡಿಸಿ. ಆಮೇಲೆ ಎಂಟು ಹತ್ತು ತುದಿ ಆದ್ಮೇಲೆ ಹೊರಗೆ ಬಂದ ಲಾಂಗ್‌ಗಳಲ್ಲಿ, ಬೆಲೆ ಮತ್ತೆ ಹಳೇ ಹೈ ದಾಟಿ ಹೋದಾಗ ಎಷ್ಟು ಜಾಸ್ತಿ ಕೊಟ್ಟು ಕೊಳ್ಬೇಕಾಯ್ತು ಅಂತ ಬೇರೆ ಕೂಡಿಸಿ. ಮೊದಲ ಮೊತ್ತ ದೊಡ್ಡದಾದ್ರೆ ಎಡಿಎಕ್ಸ್ ಅಥವಾ ಸೂಪರ್‌ಟ್ರೆಂಡ್, ಎರಡನೇದು ದೊಡ್ಡದಾದ್ರೆ 0.01 ಮತ್ತು 0.10.